ಕರಾರು ಮುಗಿಯುವ ಮುನ್ನ ಕೊಡುವ ಪತ್ರ

ಪೀಣ್ಯದ ಸಣ್ಣ ಕಾರ್ಖಾನೆಯೊಂದರ ಉಗ್ರಾಣದ ಗುಮಾಸ್ತರೊಬ್ಬರ ಕರಾರು 2025ರ ಜುಲೈ 1ರಿಂದ 2026ರ ಜೂನ್ 30ರವರೆಗೆ ಇದೆ ಎಂದಿಟ್ಟುಕೊಳ್ಳೋಣ. ಮಾಲೀಕರು ಅದನ್ನು ಮುಂದುವರಿಸುವುದಿಲ್ಲ. ಆ ಸಂಗತಿಯನ್ನು ಮೇ ಕೊನೆಯಲ್ಲೇ ಬರೆದು ತಿಳಿಸುವುದು ಒಳ್ಳೆಯದು. ಬೇರೆ ಕೆಲಸ ಹುಡುಕಿಕೊಳ್ಳಲು ಅವರಿಗೆ ಒಂದು ತಿಂಗಳಾದರೂ ಸಿಗಬೇಕು. ಕರಾರಿನಲ್ಲೇ ನೋಟಿಸಿನ ಅವಧಿ ಹೇಳಿದ್ದರೆ ಅದನ್ನು ಪಾಲಿಸಲೇಬೇಕು.

ಪತ್ರದ ಮೊದಲ ಸಾಲಲ್ಲೇ ವಿಷಯ ಬರಲಿ: “ತಮ್ಮ ಕರಾರಿನ ಅವಧಿ ಜೂನ್ 30ಕ್ಕೆ ಮುಗಿಯುತ್ತದೆ. ಅದನ್ನು ನವೀಕರಿಸುತ್ತಿಲ್ಲ.” ಇದನ್ನು “ಕೆಲಸದಿಂದ ತೆಗೆದುಹಾಕಲಾಗಿದೆ” ಎಂದು ಬರೆಯಬಾರದು. ಅವಧಿ ತುಂಬಿ ಕೆಲಸ ಮುಗಿಯುವುದನ್ನು ಕಾನೂನು ರಿಟ್ರೆಂಚ್‌ಮೆಂಟ್ ಎಂದು ಎಣಿಸುವುದಿಲ್ಲ. ಆದರೆ “ನಿಮ್ಮ ನಡತೆ ಸರಿಯಿರಲಿಲ್ಲ” ಎಂಬ ಒಂದು ಮಾತು ಸೇರಿದರೆ ಸಾಕು, ಇದು ವಿಚಾರಣೆಯಿಲ್ಲದೆ ಕೊಟ್ಟ ಶಿಕ್ಷೆ ಎಂದು ನೌಕರರು ನ್ಯಾಯಾಲಯದಲ್ಲಿ ವಾದಿಸಲು ದಾರಿಯಾಗುತ್ತದೆ. ಆ ಕಳಂಕ ಹೊತ್ತು ಅವರು ಇನ್ನೊಂದು ಕಡೆ ಕೆಲಸ ಕೇಳಬೇಕಾಗುತ್ತದೆ ಎಂಬುದು ನನಗೆ ಅದಕ್ಕಿಂತ ದೊಡ್ಡ ಸಂಗತಿ.

ಇನ್ನು ಬಾಕಿಯ ಲೆಕ್ಕ. “ನಿಯಮದಂತೆ ಪಾವತಿಸಲಾಗುವುದು” ಎಂದರೆ ಓದುವವರಿಗೆ ಏನೂ ತಿಳಿಯದು, ಮೊತ್ತವನ್ನೇ ಬರೆಯಬೇಕು. ಇವರ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 26,000 ರೂಪಾಯಿ, ಬೇರೆ ಭತ್ಯೆಯಿಲ್ಲ. ಜೂನ್ ಸಂಬಳ 26,000. ಬಳಸದೆ ಉಳಿದ 8 ದಿನದ ಗಳಿಕೆ ರಜೆಗೆ, ದಿನಕ್ಕೆ 1,000ದಂತೆ, 8,000. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನಿಗದಿತ ಅವಧಿಯ ನೌಕರರು ಒಂದು ವರ್ಷ ತುಂಬಿಸಿದರೆ ಗ್ರಾಚ್ಯುಟಿಗೆ ಅರ್ಹರು. ಐದು ವರ್ಷ ಕಾಯಬೇಕಿಲ್ಲ. ತಿಂಗಳ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಆ ವರ್ಷದ್ದು 15,000. ಒಟ್ಟು 49,000. ಪಿ.ಎಫ್. ವಂತಿಗೆ ಮತ್ತು ವೃತ್ತಿ ತೆರಿಗೆಯನ್ನು ಜೂನ್ ಸಂಬಳದಲ್ಲಿ ಹಿಡಿಯುತ್ತಾರೆ. ಗ್ರಾಚ್ಯುಟಿಯಿಂದ ಪಿ.ಎಫ್. ಹಿಡಿಯುವಂತಿಲ್ಲ.

ದಿನಾಂಕಗಳೂ ಪತ್ರದಲ್ಲೇ ಇರಲಿ. ಸಂಬಳ ಮತ್ತು ರಜೆಯ ಹಣ ಜುಲೈ 2ರೊಳಗೆ ಖಾತೆಗೆ, ಗ್ರಾಚ್ಯುಟಿ ಜುಲೈ 30ರೊಳಗೆ. ರಾಜೀನಾಮೆ ಅಥವಾ ವಜಾ ಆದವರಿಗೆ ಎರಡು ಕೆಲಸದ ದಿನಗಳಲ್ಲಿ ವೇತನ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಅವಧಿ ಮುಗಿಸಿ ಹೋಗುವವರಿಗೂ ಅದೇ ಗಡುವು ಪಾಲಿಸುವುದು ನ್ಯಾಯ.

ಎಡವುವುದು ಹೆಚ್ಚಾಗಿ ಚಾರ್ಜ್ ಒಪ್ಪಿಸುವಲ್ಲಿ. ಕೊನೆಯ ದಿನ ಸಂಜೆ ಕೀಲಿ, ದಾಸ್ತಾನು ಪುಸ್ತಕ, ಬಿಲ್ಲುಗಳನ್ನು ಕೇಳಿದರೆ ಮುಗಿಯುವುದಿಲ್ಲ. ಆಗ “ಇನ್ನೆರಡು ದಿನ ಬನ್ನಿ” ಎನ್ನುತ್ತಾರೆ. ಹಾಗೆ ಜೂನ್ 30 ದಾಟಿ ದುಡಿಸಿಕೊಂಡರೆ ಕರಾರು ಮುಂದುವರಿದಿದೆ ಎಂಬ ವಾದಕ್ಕೆ ಅವಕಾಶ ಸಿಗುತ್ತದೆ, ಆ ದಿನಗಳ ಸಂಬಳವನ್ನೂ ಕೊಡಬೇಕಾಗುತ್ತದೆ. ಆದ್ದರಿಂದ ಪತ್ರದಲ್ಲಿ ಹೀಗೆ ಬರೆಯಬಹುದು: “ಜೂನ್ 22ರಿಂದ 26ರವರೆಗೆ ದಿನವೂ ಮಧ್ಯಾಹ್ನದ ಮೇಲೆ ದಾಸ್ತಾನನ್ನು ಮುಂದಿನವರ ಜೊತೆ ಎಣಿಸಿ ಒಪ್ಪಿಸಿ. ಉಳಿದ ದಿನಗಳನ್ನು ವ್ಯತ್ಯಾಸ ಸರಿಪಡಿಸಲು ಇಟ್ಟುಕೊಂಡಿದ್ದೇವೆ.” ಎಣಿಕೆ ಪಟ್ಟಿಗೆ ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ಹೋಗುವವರ ಕೈಗೂ ಸಿಗಬೇಕು.

“ಯಾವ ಬಾಕಿಯೂ ಇಲ್ಲ” ಎಂಬ ಕಾಗದಕ್ಕೆ ಹಣ ಕೊಡುವ ಮೊದಲೇ ಸಹಿ ಹಾಕಿಸಿಕೊಳ್ಳುವುದು ತಪ್ಪು. ಅನುಭವ ಪತ್ರ ಜೂನ್ 30ರಂದೇ ಕೈಗೆ ಸಿಗುತ್ತದೆ, ಪಿ.ಎಫ್. ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ಕಂಪನಿಯೇ ನಮೂದಿಸುತ್ತದೆ ಎಂದು ಬರೆದು, ಲೆಕ್ಕದಲ್ಲಿ ಸಂದೇಹವಿದ್ದರೆ ಯಾರನ್ನು ಕೇಳಬೇಕೆಂದು ಹೆಸರು, ಫೋನ್ ನಂಬರ್ ಕೊಟ್ಟರೆ ಪತ್ರ ಪೂರ್ತಿಯಾಗುತ್ತದೆ.