ಹೆಬ್ಬೆಟ್ಟಿನ ಕರಾರು

ರಾತ್ರಿ ಊಟದ ಹೊತ್ತಿಗೆ ಏಜೆಂಟ್ ಬಂದ. ಪುಣೆಯ ಕೋಥ್ರೂಡಿನ ಆ ಬಾಡಿಗೆ ಮನೆಯಲ್ಲಿ ಇನ್ನೂ ಒಂದು ಕುರ್ಚಿಯೂ ಇರಲಿಲ್ಲ. ಬಿಚ್ಚದ ಚೀಲಗಳ ನಡುವೆ ನೆಲದ ಮೇಲೇ ಕೂತು ಲ್ಯಾಪ್‌ಟಾಪ್ ತೆರೆದ, ಬೆಂಕಿಪೊಟ್ಟಣದಷ್ಟು ಚಿಕ್ಕ ಯಂತ್ರವೊಂದನ್ನು ಅದಕ್ಕೆ ಸಿಕ್ಕಿಸಿದ. ಹುಬ್ಬಳ್ಳಿಯಿಂದ ಕೆಲಸಕ್ಕೆ ಬಂದ ನನ್ನಣ್ಣನ ಮಗ ಹೆಬ್ಬೆಟ್ಟು ಒತ್ತಿದ. ಹೊಂದಲಿಲ್ಲ. ಮತ್ತೆ ಒತ್ತಿದ, ಆಗಲೂ ಇಲ್ಲ. ಏಜೆಂಟ್ ಅವನ ಬೆರಳನ್ನು ಕರವಸ್ತ್ರದಿಂದ ಒರೆಸಿ, "ಒತ್ತಬೇಡಿ, ಸುಮ್ಮನೆ ಇಡಿ" ಅಂದ. ಈ ಸಲ ಹೊಂದಿತು. ಆಮೇಲೆ ಮಾಲೀಕರ ಹೆಬ್ಬೆಟ್ಟು, ಇಬ್ಬರು ಸಾಕ್ಷಿಗಳದ್ದು, ಎಲ್ಲರ ಫೋಟೊ.

ಮಹಾರಾಷ್ಟ್ರದಲ್ಲಿ ಬಾಡಿಗೆ ಕರಾರನ್ನು ಬರೆದು ಪೆಟ್ಟಿಗೆಯಲ್ಲಿಟ್ಟರೆ ಸಾಲದು. 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ಅದನ್ನು ನೋಂದಾಯಿಸಲೇಬೇಕು, ಹೊಣೆ ಮಾಲೀಕರದ್ದು. ತಿಂಗಳಿಗೆ 18,000 ಬಾಡಿಗೆ, 50,000 ಠೇವಣಿ, ಹನ್ನೊಂದು ತಿಂಗಳು: ಮುದ್ರಾಂಕ ಶುಲ್ಕ ಐನೂರರ ಆಸುಪಾಸು, ನೋಂದಣಿಗೆ ಸಾವಿರ. ಏಜೆಂಟನ ಕೈಖರ್ಚು ಬೇರೆ.

ಪೊಲೀಸ್ ವೆರಿಫಿಕೇಶನ್ ಅರ್ಜಿಯನ್ನೂ ಅವನೇ ಆನ್‌ಲೈನಿನಲ್ಲಿ ತುಂಬಿದ. ಹುಡುಗನ ಊರಿನ ವಿಳಾಸ, ಗುರುತಿನ ಚೀಟಿ, ಫೋಟೊ, ಕೆಲಸದ ಜಾಗ. ಬಾಡಿಗೆದಾರ ಯಾರೆಂದು ಮಾಲೀಕರು ಠಾಣೆಗೆ ತಿಳಿಸುವ ಕಾಗದ ಇದು, ಅಷ್ಟೇ.

ಮರುವಾರ ಬ್ಯಾಂಕಿಗೆ ಹೋದಾಗ ಹುಡುಗ ಹೆಮ್ಮೆಯಿಂದ ಆ ಕಾಗದವನ್ನೇ ಮೊದಲು ಮುಂದಿಟ್ಟ. ಕೌಂಟರಿನಾಕೆ ಕಣ್ಣಾಡಿಸಿ ಪಕ್ಕಕ್ಕೆ ಸರಿಸಿದರು. "ಇದು ಅಡ್ರೆಸ್ ಪ್ರೂಫ್ ಅಲ್ಲ. ಲೈಟ್ ಬಿಲ್ ಇದೆಯಾ?"

ಲೈಟ್ ಬಿಲ್ ಮಾಲೀಕರ ಹೆಸರಲ್ಲಿತ್ತು.

"ಕಾಕಾ, ಈಗೇನ್ ಮಾಡೂದು?" ಅಂತ ಹುಡುಗ ನನ್ನ ಮುಖ ನೋಡಿದ.

ಉತ್ತರ ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನದಲ್ಲೇ ಇದೆ. ಆಧಾರ್ ದೃಢೀಕರಣದ ಮೂಲಕ ಇ-ಕೆವೈಸಿ ಮಾಡಿಸಿದವರ ಈಗಿನ ವಿಳಾಸ ಆಧಾರಿನಲ್ಲಿ ಇರುವುದಕ್ಕಿಂತ ಬೇರೆಯಾದರೆ, ಅವರು ತಾವೇ ಸಹಿ ಹಾಕಿದ ಸ್ವಯಂ ಘೋಷಣೆ ಕೊಡಬಹುದು. ಈ ಮಾತನ್ನು ಹೇಳಿದಾಗ ಆಕೆ ಒಳಗೆ ಹೋಗಿ ಮ್ಯಾನೇಜರರನ್ನು ಕೇಳಿ ಬಂದರು. ಕೆಳಗಿನ ಡ್ರಾದಿಂದ ಒಂದು ಹಾಳೆ ಹೊರಬಂತು. ಹೆಸರು, ಹುಬ್ಬಳ್ಳಿಯ ವಿಳಾಸ, ಕೋಥ್ರೂಡಿನ ವಿಳಾಸ, ಸಹಿ. ಹಾಳೆ ಡ್ರಾದಲ್ಲೇ ಇತ್ತು ಅನ್ನುವುದು ನನಗೆ ಇವತ್ತಿಗೂ ಸಿಟ್ಟು ತರಿಸುವ ವಿಷಯ.

ಹಾಗಂತ ಹೆಬ್ಬೆಟ್ಟಿನ ಕರಾರು ದಂಡವಾಗಲಿಲ್ಲ. ಆಧಾರಿನಲ್ಲೇ ವಿಳಾಸ ಬದಲಿಸಲು ನೋಂದಾಯಿತ ಬಾಡಿಗೆ ಕರಾರು ನಡೆಯುತ್ತದೆ. ಆದರೆ ಕರಾರಿನಲ್ಲಿರುವ ಹೆಸರಿಗೂ ಆಧಾರಿನ ಹೆಸರಿಗೂ ಒಂದಕ್ಷರವೂ ಹೆಚ್ಚುಕಡಿಮೆ ಇರಬಾರದು. ಅಪ್ಪನ ಹೆಸರು, ಅಡ್ಡಹೆಸರುಗಳ ಹಿಂದುಮುಂದು ಮಾಡಿಕೊಂಡು ಪರದಾಡುವವರು ನಮ್ಮ ಕಡೆಯವರೇ ಹೆಚ್ಚು. ಹೊಸ ಊರಿಗೆ ಹೊರಟವರು ಏಜೆಂಟ್ ತೋರಿಸುವ ಕರಡನ್ನು ಹೆಬ್ಬೆಟ್ಟು ಇಡುವ ಮೊದಲೇ ಆಧಾರ್ ಪಕ್ಕದಲ್ಲಿಟ್ಟುಕೊಂಡು ಓದಿ. ನೋಂದಣಿಯಾದ ಮೇಲೆ ತಿದ್ದಬೇಕೆಂದರೆ ಮತ್ತೆ ದುಡ್ಡು ಕಟ್ಟಬೇಕು.