ಸೀಲಿನ ಅಡಿಯಲ್ಲಿ ಒಂದು ಗುಂಟೆ

ಹಳೆಯ ಕೈಬರಹದ ಪಹಣಿಯಲ್ಲಿ ಸೀಲು ಬೀಳುತ್ತಿದ್ದುದು ಖಾಲಿ ಜಾಗದಲ್ಲಿ ಮಾತ್ರವಲ್ಲ. ವಿಸ್ತೀರ್ಣದ ಅಂಕಿಯನ್ನೋ ಸ್ವಾಧೀನದಾರರ ಹೆಸರನ್ನೋ ತಿದ್ದಿದಾಗ, ತಿದ್ದಿದ್ದು ತಾನೇ ಎಂದು ತೋರಿಸಲು ಅಧಿಕಾರಿ ಅದೇ ಜಾಗದಲ್ಲಿ ರುಜು ಹಾಕಿ ಸೀಲು ಒತ್ತುತ್ತಿದ್ದರು. ಹೀಗೆ ಒಂದೇ ಚೌಕದಲ್ಲಿ ನಾಲ್ಕು ಪದರ ಸೇರುತ್ತವೆ: ಹಳೆಯ ಅಂಕಿ, ಅದನ್ನು ಹೊಡೆದುಹಾಕಿದ ಗೆರೆ, ಹೊಸ ಅಂಕಿ, ಅವುಗಳ ಮೇಲೆ ರುಜು ಮತ್ತು ನೇರಳೆ ಸೀಲು. ಮುಂದೆ ವ್ಯಾಜ್ಯ ಬಂದರೆ ಎಲ್ಲರೂ ಓದಲು ಬಯಸುವ ಚೌಕವೂ ಇದೇ, ಓದಲು ಅತಿ ಕಷ್ಟವಾದದ್ದೂ ಇದೇ.

ಕರ್ನಾಟಕದಲ್ಲಿ 2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂದು ಪಹಣಿಗಳು ಕಂಪ್ಯೂಟರಿಗೆ ಏರಿದವು, ಕೈಬರಹದ ಪಹಣಿ ಕೊಡುವುದು ನಿಂತಿತು. ಆದರೆ ಅದಕ್ಕೂ ಹಿಂದಿನ ಪುಸ್ತಕಗಳು ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳಲ್ಲಿ ಉಳಿದವು. ಅವುಗಳನ್ನು ಸ್ಕ್ಯಾನ್ ಮಾಡಿ ಹಾಳೆಯ ಚಿತ್ರವನ್ನು ಕಾಪಿಡುವುದು ಒಂದು ಕೆಲಸ. ಆ ಚಿತ್ರದಲ್ಲಿರುವ ಅಂಕಿ, ಹೆಸರುಗಳನ್ನು ಕಾಲಂ ಪ್ರಕಾರ ಬಿಡಿಸಿ ಬರೆದುಕೊಳ್ಳುವುದು ಬೇರೆಯೇ ಕೆಲಸ, ಸೀಲು ಕಾಡುವುದು ಅಲ್ಲಿ.

ಯಂತ್ರ ಓದಿದರೂ ಸರಿ, ಡೇಟಾ ಎಂಟ್ರಿ ಆಪರೇಟರು ಓದಿದರೂ ಸರಿ, ಮೊದಲ ಹಾನಿ ಸ್ಕ್ಯಾನರಿನ ಮುಂದೆಯೇ ಆಗಿರುತ್ತದೆ. ಫೈಲು ಚಿಕ್ಕದಾಗಲಿ ಎಂದು ಅನೇಕ ಕಡೆ ‘ಕಪ್ಪು-ಬಿಳುಪು’ ಆಯ್ಕೆ ಒತ್ತಿಬಿಡುತ್ತಾರೆ. ಆ ಆಯ್ಕೆಯಲ್ಲಿ ಬೂದು ಬಣ್ಣಕ್ಕೂ ಜಾಗವಿಲ್ಲ. ಪ್ರತಿ ಚುಕ್ಕೆಯೂ ಪೂರ್ತಿ ಕಪ್ಪು, ಇಲ್ಲವೇ ಪೂರ್ತಿ ಬಿಳಿ. ನೇರಳೆ ಸೀಲೂ ಕಪ್ಪು, ನೀಲಿ ರುಜುವೂ ಕಪ್ಪು, ಅಂಕಿಯೂ ಕಪ್ಪು. ಯಾವುದು ಯಾವುದೆಂದು ಹೇಳುತ್ತಿದ್ದ ಒಂದೇ ಸುಳಿವು ಬಣ್ಣ, ಅದು ಹೋದ ಮೇಲೆ ಯಾವ ಸಾಫ್ಟ್‌ವೇರೂ ಅದನ್ನು ಮರಳಿ ತರಲಾರದು. ಬಣ್ಣದಲ್ಲಿ, ಅಂಗುಲಕ್ಕೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ 4 ಮಿಲಿಮೀಟರ್ ಎತ್ತರದ ಅಂಕಿಗೆ ಸುಮಾರು 47 ಚುಕ್ಕೆ ಸಿಗುತ್ತದೆ. ಓದುವುದಕ್ಕೆ ಅಷ್ಟು ಸಾಕು.

ಬಣ್ಣದಲ್ಲಿ ಸ್ಕ್ಯಾನ್ ಮಾಡಿದ ಮೇಲೂ ಒಂದು ಅಪಾಯ ಉಳಿದಿರುತ್ತದೆ. ಜೆಪೆಗ್ ಫೈಲು ಜಾಗ ಉಳಿಸಲು ಬೆಳಕಿನ ಏರಿಳಿತವನ್ನು ಪೂರ್ತಿ ಬರೆದುಕೊಂಡು, ಬಣ್ಣವನ್ನು ಸಾಮಾನ್ಯವಾಗಿ ಅರ್ಧ ಸೂಕ್ಷ್ಮತೆಯಲ್ಲಷ್ಟೇ ಬರೆದುಕೊಳ್ಳುತ್ತದೆ. ಮದುವೆಯ ಫೋಟೋದಲ್ಲಿ ಇದು ಯಾರ ಕಣ್ಣಿಗೂ ಬೀಳದು. ಪಹಣಿಯಲ್ಲಿ ಮಾತ್ರ ಸೀಲಿನ ನೇರಳೆ ಪಕ್ಕದ ಕಪ್ಪು ಅಕ್ಷರದ ಅಂಚಿಗೆ ಹರಡಿಕೊಂಡು, ಎರಡನ್ನೂ ಬೇರ್ಪಡಿಸುವ ಗೆರೆ ಮಸುಕಾಗುತ್ತದೆ. ಮೂಲ ಪ್ರತಿಯನ್ನು ಟಿಫ್ ಫೈಲಾಗಿ ಇಡಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಇನ್ನು ಸೀಲನ್ನು ಸರಿಸುವ ಕೆಲಸ. ಬಹಳ ಮಂದಿಗೆ ಮೊದಲು ಹೊಳೆಯುವ ಉಪಾಯ, ನೇರಳೆ ಬಣ್ಣವಿರುವ ಚುಕ್ಕೆಗಳನ್ನೆಲ್ಲ ಹುಡುಕಿ ಬಿಳಿ ಮಾಡಿಬಿಡುವುದು. ನೋಡಲು ಹಾಳೆ ತೊಳೆದಿಟ್ಟಂತೆ ಕಾಣುತ್ತದೆ. ಆದರೆ ಸೀಲಿನ ಶಾಯಿ ಅಕ್ಷರದ ಮೇಲೆ ಹಾದುಹೋದ ಕಡೆ ಚುಕ್ಕೆಯ ಬಣ್ಣ ಕಡು ನೇರಳೆ ಆಗಿರುತ್ತದೆ. ಅಳಿಸುವ ಸಾಫ್ಟ್‌ವೇರ್ ಅದನ್ನೂ ಸೀಲೆಂದೇ ಭಾವಿಸಿ ಒರೆಸಿಬಿಡುತ್ತದೆ, ಸೀಲಿನ ಜೊತೆಗೆ ಅಕ್ಷರದ ತುಣುಕೂ ಹೋಗುತ್ತದೆ. ಕನ್ನಡದಲ್ಲಿ ಇದರ ಬೆಲೆ ಹೆಚ್ಚು. ದುಂಡಗಿನ ೦ ಒಂದು ಕಡೆ ತುಂಡಾದರೆ ಅದು ೧ರಂತೆಯೇ ಕಾಣುತ್ತದೆ. ಒರೆಸದೆ ಉಳಿದ ಸೀಲಿನ ಒಂದು ಚುಕ್ಕೆ ಹೆಸರಿನ ಪಕ್ಕ ಅನುಸ್ವಾರವಾಗಿ ಕೂರುತ್ತದೆ.

ಅನುಭವಿಗಳು ಅಳಿಸಲು ಹೋಗುವುದಿಲ್ಲ. ಅವರು ಚಿತ್ರದ ಪದರ ಬಿಡಿಸುತ್ತಾರೆ. ಬಣ್ಣದ ಸ್ಕ್ಯಾನಿನಲ್ಲಿ ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಳತೆಗಳಿರುತ್ತವೆ. 0 ಎಂದರೆ ಕಗ್ಗತ್ತಲು, 255 ಎಂದರೆ ಪೂರ್ತಿ ಬೆಳಕು. ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶದಲ್ಲಿ `Colors → Components → Decompose` ಎಂಬಲ್ಲಿಗೆ ಹೋದರೆ ಒಂದೇ ಚಿತ್ರ ಮೂರು ಬೂದು ಚಿತ್ರಗಳಾಗಿ ಬಿಡಿಸಿಕೊಳ್ಳುತ್ತದೆ. ಈ ಮೂರರಲ್ಲಿ ಯಾವುದನ್ನು ಓದಬೇಕು ಎಂಬುದೇ ಇಲ್ಲಿನ ಕಸುಬು.

ಅಕ್ಷರ ಕಪ್ಪು ಶಾಯಿಯದೋ ಅಚ್ಚಿನದೋ ಆಗಿದ್ದರೆ ನೀಲಿ ಪದರವೇ ಸರಿ. ನೇರಳೆ ಶಾಯಿ ನೀಲಿ ಬೆಳಕನ್ನು ಬಹುಪಾಲು ಹಿಂದಕ್ಕೆ ಕೊಡುತ್ತದೆ, ಹಾಗಾಗಿ ಆ ಪದರದಲ್ಲಿ ಸೀಲು 175ರ ಆಸುಪಾಸಿನಲ್ಲಿ ತೆಳುವಾಗಿ ಕಾಣಬಹುದು. ಹಳೆಯ ಕಾಗದ ಹಳದಿಗಟ್ಟಿರುತ್ತದೆ, ಹಳದಿ ನೀಲಿಯನ್ನು ನುಂಗುವುದರಿಂದ ಕಾಗದವೇ 195ಕ್ಕೆ ಇಳಿದಿರುತ್ತದೆ. ಸೀಲಿಗೂ ಕಾಗದಕ್ಕೂ ಅಂತರವೇ ಉಳಿಯಲಿಲ್ಲ! ಕಾಗದದ ಮುಪ್ಪು ಉಪಕಾರಕ್ಕೆ ಬರುವ ಅಪರೂಪದ ಸಂದರ್ಭವಿದು. ಕಪ್ಪು ಅಕ್ಷರ ಮಾತ್ರ 35ರಷ್ಟು ಕತ್ತಲಲ್ಲೇ ಇರುತ್ತದೆ, ಸೀಲು ಹಾದುಹೋದ ಜಾಗದಲ್ಲೂ ಅಷ್ಟೇ. ಆದ್ದರಿಂದ ಅಕ್ಷರ ಎಲ್ಲಿಯೂ ತುಂಡಾಗುವುದಿಲ್ಲ. ಈ ಅಂಕಿಗಳು ಹಾಳೆಯಿಂದ ಹಾಳೆಗೆ ಬದಲಾಗುತ್ತವೆ, ಅವುಗಳ ಏರಿಳಿತದ ಕ್ರಮ ಬದಲಾಗುವುದು ಕಡಿಮೆ.

ಬರಹ ನೀಲಿ ಬಾಲ್‌ಪೆನ್ನಿನದಾಗಿದ್ದರೆ ಇದೇ ಉಪಾಯ ತಿರುಗುಬಾಣ. ನೀಲಿ ಪದರದಲ್ಲಿ ಸೀಲಿನ ಜೊತೆಗೆ ಬರಹವೂ ತೆಳುವಾಗುತ್ತದೆ. ಆಗ ಕೆಂಪು ಪದರಕ್ಕೆ ಹೋಗಬೇಕು. ಅಲ್ಲಿ ನೀಲಿ ಬರಹ ಸುಮಾರು 45ಕ್ಕೆ ಕಪ್ಪಾಗಿ ನಿಲ್ಲುತ್ತದೆ, ನೇರಳೆ ಸೀಲು 120ರ ಬೂದಾಗುತ್ತದೆ. ಸೀಲು ಮಾಯವಾಗುವುದಿಲ್ಲ, ಆದರೆ 80ಕ್ಕಿಂತ ಕಡಿಮೆ ಇದ್ದದ್ದನ್ನು ಮಾತ್ರ ಬರಹವೆಂದು ಎಣಿಸಿದರೆ ಸೀಲು ಹೊರಗುಳಿಯುತ್ತದೆ. ಈ ಗಡಿಯನ್ನು ಕೈಯಾರೆ ಹಾಕುವುದು ಮುಖ್ಯ. ಅಕ್ಷರ ಗುರುತಿಸುವ ಟೆಸ್ಸೆರಾಕ್ಟ್‌ನಂಥ ತಂತ್ರಾಂಶಕ್ಕೆ ಚಿತ್ರವನ್ನು ಹಾಗೆಯೇ ಕೊಟ್ಟರೆ ಅದು ಓಟ್ಸು ಎಂಬ ಜಪಾನಿ ವಿಜ್ಞಾನಿ 1979ರಲ್ಲಿ ಪ್ರಕಟಿಸಿದ ವಿಧಾನದಿಂದ ತಾನೇ ಗಡಿ ಹಾಕಿಕೊಳ್ಳುತ್ತದೆ. ಆ ವಿಧಾನ ಹಾಳೆಯಲ್ಲಿ ಎರಡೇ ಗುಂಪುಗಳಿವೆ ಎಂದು ನಂಬುತ್ತದೆ: ಶಾಯಿ ಮತ್ತು ಕಾಗದ. ಸೀಲು ಮೂರನೆಯ ಗುಂಪು ಎಂಬುದು ಅದಕ್ಕೆ ಗೊತ್ತಿಲ್ಲದ್ದರಿಂದ ಅದನ್ನೂ ಹೆಚ್ಚಾಗಿ ಶಾಯಿಗೆ ಸೇರಿಸುತ್ತದೆ.

ರುಜುವಿನ ತೊಂದರೆ ಬೇರೆ ಬಗೆಯದು. ಅದೇ ಪೆನ್ನು, ಅದೇ ಬಣ್ಣ, ಪದರ ಬಿಡಿಸಿದರೂ ಪ್ರಯೋಜನವಿಲ್ಲ. ಅಲ್ಲಿ ಆಕಾರವೇ ಸುಳಿವು. ಅಂಕಿ ತನ್ನ ಚೌಕದೊಳಗೆ ನಿಲ್ಲುತ್ತದೆ, ರುಜುವಿನ ಬಾಲ ಎರಡು ಮೂರು ಸಾಲು ದಾಟಿ ಓರೆಯಾಗಿ ಹರಿಯುತ್ತದೆ. ಹಾಗಾಗಿ ಚೌಕದ ಗೆರೆಯನ್ನು ದಾಟಿ ಹೋಗುವ ಗೀಟುಗಳನ್ನು ಬೇರೆ ಗುರುತಿಸಿಟ್ಟು ಉಳಿದದ್ದನ್ನು ಓದುವುದು ವಾಡಿಕೆ. ಪಹಣಿಯ 9ನೇ ಕಾಲಂನಲ್ಲಿ ಮಾತ್ರ ಈ ನಿಯಮ ಸೋಲುತ್ತದೆ. ಸ್ವಾಧೀನದಾರರ ಹೆಸರು, ತಂದೆಯ ಹೆಸರು ಎರಡೂ ಒಂದೇ ಸಾಲಿನಲ್ಲಿ ಹಿಡಿಯದೆ ಅಕ್ಷರಗಳೇ ಗೆರೆ ದಾಟಿರುತ್ತವೆ. ಅಂಥ ಚೌಕಗಳನ್ನು ಮನುಷ್ಯನ ಕಣ್ಣಿಗೇ ಬಿಡಬೇಕು.

ಇಷ್ಟೆಲ್ಲ ಮಾಡಿ ಓದಿದ್ದು ಸರಿಯೋ ತಪ್ಪೋ ಎಂದು ತಿಳಿಯುವುದು ಹೇಗೆ? ಪಹಣಿಯೊಳಗೇ ಅದಕ್ಕೊಂದು ಲೆಕ್ಕವಿದೆ. 40 ಗುಂಟೆಗೆ ಒಂದು ಎಕರೆ. ಸರ್ವೆ ನಂಬರಿನ ಒಟ್ಟು ವಿಸ್ತೀರ್ಣದಲ್ಲಿ ಖರಾಬು ಕಳೆದು ಉಳಿದದ್ದು, 9ನೇ ಕಾಲಂನಲ್ಲಿರುವ ಎಲ್ಲ ಸ್ವಾಧೀನದಾರರ ವಿಸ್ತೀರ್ಣದ ಮೊತ್ತಕ್ಕೆ ಸಮವಾಗಬೇಕು.

ಒಂದು ಸರ್ವೆ ನಂಬರಿನ ಒಟ್ಟು 4 ಎಕರೆ 12 ಗುಂಟೆ, ಖರಾಬು 7 ಗುಂಟೆ ಎಂದಿಟ್ಟುಕೊಳ್ಳೋಣ. ಉಳಿದದ್ದು 4 ಎಕರೆ 5 ಗುಂಟೆ. ಮೂವರು ಅಣ್ಣತಮ್ಮಂದಿರು. ಮೊದಲನೆಯವನಿಗೆ 1 ಎಕರೆ 20 ಗುಂಟೆ, ಎರಡನೆಯವನಿಗೆ 1 ಎಕರೆ 15 ಗುಂಟೆ. ಮೂರನೆಯವನ ಅಂಕಿಯ ಮೇಲೆ ಸೀಲಿನ ಅಂಚು ಹಾದುಹೋಗಿದೆ. ನೇರಳೆ ಒರೆಸಿದ ಚಿತ್ರದಲ್ಲಿ ಅದು ೧-೧೧ ಎಂದು ಕಾಣುತ್ತದೆ. ಆಕಾರ ಸ್ಪಷ್ಟವಾಗಿರುವುದರಿಂದ ಯಂತ್ರ ತನ್ನ ಓದಿಗೆ ಒಳ್ಳೆಯ ಅಂಕವನ್ನೇ ಕೊಟ್ಟುಕೊಳ್ಳಬಹುದು, ಆಪರೇಟರಿಗೂ ಅನುಮಾನ ಬಾರದೆ ಇರಬಹುದು. ಕೂಡಿ ನೋಡಿದರೆ ಮೊತ್ತ 4 ಎಕರೆ 6 ಗುಂಟೆ. ಒಂದು ಗುಂಟೆ ಹೆಚ್ಚಾಯಿತು. ಮೂಲ ಸ್ಕ್ಯಾನಿನ ನೀಲಿ ಪದರ ತೆಗೆದು ಅದೇ ಚೌಕವನ್ನು ಹಿಗ್ಗಿಸಿದರೆ ಕೊನೆಯ ಅಂಕಿಯ ಸುತ್ತು ಮುಚ್ಚಿಕೊಂಡಿದೆ. ಅದು ೦, ಅಂದರೆ 1 ಎಕರೆ 10 ಗುಂಟೆ. ಲೆಕ್ಕ ಕೂಡಿತು. ಒಂದು ಗುಂಟೆ ಎಂದರೆ 1,089 ಚದರ ಅಡಿ, ಊರಂಚಿನಲ್ಲಿ ಒಂದು ಮನೆ ಕಟ್ಟುವಷ್ಟು ಜಾಗ.

ಇಲ್ಲಿ ಲೆಕ್ಕ ಮಾಡಿದ್ದು ಅನುಮಾನ ಹುಟ್ಟಿಸುವ ಕೆಲಸವನ್ನಷ್ಟೆ, ತೀರ್ಪು ಕೊಟ್ಟದ್ದು ಚಿತ್ರ. ಈ ಕ್ರಮ ತಿರುಗುಮುರುಗಾಗಬಾರದು. ಮೊತ್ತ ಕೂಡಲಿ ಎಂದು ಕಾಣದ ಅಂಕಿಯನ್ನು ಊಹಿಸಿ ತುಂಬಿದರೆ, ದಾಖಲೆಯಲ್ಲೇ ಇದ್ದ ತಪ್ಪನ್ನು ಆಪರೇಟರು ಯಾರಿಗೂ ಹೇಳದೆ ತಿದ್ದಿದಂತಾಗುತ್ತದೆ. ಹಳೆಯ ಪಹಣಿಗಳಲ್ಲಿ ಮೊತ್ತ ಕೂಡದ ಹಾಳೆಗಳೂ ಇರುತ್ತವೆ, ಹಾಗಿದ್ದರೆ ಹಾಗೆಯೇ ಬರೆದುಕೊಳ್ಳಬೇಕು. ಎರಡು ಅಂಕಿಗಳು ಒಟ್ಟಿಗೇ ಸೀಲಿನಡಿ ಸಿಕ್ಕಿದ್ದರೆ ಕೂಡಿಸಿ ಕಳೆಯುವ ಲೆಕ್ಕ ಏನನ್ನೂ ಹೇಳಲಾರದು. ಅಂಥ ಚೌಕಕ್ಕೆ ‘ಓದಲಾಗಿಲ್ಲ’ ಎಂದು ಬರೆದು, ಪಕ್ಕದಲ್ಲಿ ಚಿತ್ರದ ಆ ತುಣುಕನ್ನೇ ಅಂಟಿಸಿಡುವುದು ಪ್ರಾಮಾಣಿಕ ದಾರಿ. ಖಾಲಿ ಬಿಟ್ಟರೆ ಅಲ್ಲಿ ಏನೂ ಬರೆದೇ ಇರಲಿಲ್ಲ ಎಂದು ಮುಂದಿನವರು ತಿಳಿಯುತ್ತಾರೆ.

ಹೆಸರಿಗೆ ಲೆಕ್ಕದ ಆಸರೆ ಇಲ್ಲ, ಬೇರೆ ಪುಸ್ತಕದ ಆಸರೆ ಇದೆ. 10ನೇ ಕಾಲಂನಲ್ಲಿ ಎಂ.ಆರ್. ನಂಬರು ಬರೆದಿದ್ದರೆ ಹಕ್ಕು ಬದಲಾವಣೆಯ ರಿಜಿಸ್ಟರಿನಲ್ಲಿ ಅದೇ ನಂಬರಿನ ಕೆಳಗೆ ಅದೇ ಹೆಸರನ್ನು ಹುಡುಕಬಹುದು. ಅಲ್ಲಿಯೂ ಸೀಲು ಇರಬಹುದು, ಆದರೆ ಎರಡು ಕಡೆಯೂ ಅದೇ ಅಕ್ಷರದ ಮೇಲೆ ಬಿದ್ದಿರುವುದು ಅಪರೂಪ. ಅದೇ ಸರ್ವೆ ನಂಬರಿನ ಹಿಂದಿನ ಮತ್ತು ಮುಂದಿನ ಸಾಲುಗಳ ಪಹಣಿಯೂ ಹೀಗೆಯೇ ಸಹಾಯಕ್ಕೆ ಬರುತ್ತದೆ.

ಪದರ ಬಿಡಿಸಿದ ಚಿತ್ರ ಓದುವುದಕ್ಕೆ ಮಾತ್ರ. ನಕಲು ಕೇಳಿ ಬಂದವರಿಗೆ ಸೀಲಿಲ್ಲದ ಚಿತ್ರವನ್ನು ಕೊಡುವಂತಿಲ್ಲ, ಏಕೆಂದರೆ ತಿದ್ದುಪಡಿಗೆ ಬಲ ಬಂದಿರುವುದೇ ಆ ಸೀಲು, ರುಜುಗಳಿಂದ. ಓದಲು ಅಡ್ಡಿಯಾದದ್ದೇ ನ್ಯಾಯಾಲಯದಲ್ಲಿ ಸಾಕ್ಷಿ.

ಸ್ಕ್ಯಾನ್ ಸೋತ ಚೌಕವೊಂದು ನಿಜಕ್ಕೂ ವ್ಯಾಜ್ಯದ ನಡುವೆ ಸಿಕ್ಕಿಕೊಂಡರೆ ಮೂಲ ಹಾಳೆಯನ್ನೇ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುವ ದಾರಿ ಇದೆ. ಅಲ್ಲಿ ಅದನ್ನು ಅವಕೆಂಪು ಬೆಳಕಿನಲ್ಲಿ ನೋಡುತ್ತಾರೆ. ಸೀಲಿನ ನೇರಳೆ ಬಣ್ಣ ಆ ಬೆಳಕಿಗೆ ಗಾಜಿನಂತೆ ಪಾರದರ್ಶಕ, ಇಂಗಾಲ ಇರುವ ಶಾಯಿ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಅಚ್ಚು, ಕಾರ್ಬನ್ ಕಾಗದದ ಪ್ರತಿ, ಇಂಗಾಲದ ಕಪ್ಪು ಶಾಯಿಯ ಬರಹ ಹೀಗೆ ಸೀಲಿನಡಿಯಿಂದ ಹೊರಬರುತ್ತವೆ. ನೀಲಿ ಬಾಲ್‌ಪೆನ್ನಿನಲ್ಲಿ ಬರೆದ ಅಂಕಿಯಾದರೆ ಸಾಮಾನ್ಯವಾಗಿ ಅದೂ ಸೀಲಿನ ಜೊತೆಗೇ ಮರೆಯಾಗುತ್ತದೆ. ಆಗ ಉಳಿಯುವುದು ಕಾಗದದಲ್ಲಿ ಪೆನ್ನಿನ ಮೊನೆ ಒತ್ತಿ ಮಾಡಿದ ತಗ್ಗು, ಅದನ್ನು ಪಕ್ಕದಿಂದ ಓರೆ ಬೆಳಕು ಬಿಟ್ಟು ಹುಡುಕಬೇಕಾಗುತ್ತದೆ. ರಬ್ಬರ್ ಸೀಲು ಕಾಗದದಲ್ಲಿ ಅಂಥ ತಗ್ಗು ಮಾಡುವುದಿಲ್ಲ.