ಬೆಳಗಾವಿ ಜಿಲ್ಲೆಯಲ್ಲಿ ತೆರಿಗೆ ರಜೆ ಮತ್ತು ವಿಶೇಷ ಆರ್ಥಿಕ ವಲಯ

ತೆರಿಗೆ ರಜೆ ಎಂದರೆ ಹೊಸ ಉದ್ಯಮಕ್ಕೆ ಸರ್ಕಾರವು ನಿಗದಿತ ವರ್ಷಗಳವರೆಗೆ ನೀಡುವ ತೆರಿಗೆ ವಿನಾಯಿತಿ. ಬೆಳಗಾವಿ ಜಿಲ್ಲೆಯಲ್ಲಿ ಇಂತಹ ವಿನಾಯಿತಿಗೆ ಅರ್ಹವಾದ ಪ್ರದೇಶವೆಂದರೆ ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳನ್ನು ತಯಾರಿಸುವ ಏಕಸ್ ವಿಶೇಷ ಆರ್ಥಿಕ ವಲಯ.

ಆದಾಯ ತೆರಿಗೆ ಕಾಯ್ದೆಯ 10ಎಎ ಕಲಮಿನಂತೆ ಇಂತಹ ವಲಯದ ಘಟಕದ ರಫ್ತು ಲಾಭಕ್ಕೆ ಮೊದಲ 5 ವರ್ಷ ಪೂರ್ಣ ವಿನಾಯಿತಿಯೂ ಮುಂದಿನ 5 ವರ್ಷ ಅರ್ಧ ವಿನಾಯಿತಿಯೂ ದೊರೆಯುತ್ತಿತ್ತು. ಆನಂತರದ 5 ವರ್ಷ ಲಾಭದ ಮರುಹೂಡಿಕೆ ಕಡ್ಡಾಯವಾಗಿತ್ತು. ವಾರ್ಷಿಕ ರಫ್ತು ಲಾಭ 10 ಕೋಟಿ ರೂಪಾಯಿ, ತೆರಿಗೆ ದರ ಶೇ. 30 ಎಂದು ಭಾವಿಸಿದರೆ, ಮೊದಲ 10 ವರ್ಷಗಳಲ್ಲಿ ಬೊಕ್ಕಸ ಬಿಟ್ಟುಕೊಡುವ ಮೊತ್ತ 22.5 ಕೋಟಿ ರೂಪಾಯಿ. 2011ರಲ್ಲಿ ಕನಿಷ್ಠ ಪರ್ಯಾಯ ತೆರಿಗೆಯನ್ನು ಈ ವಲಯಗಳಿಗೂ ವಿಸ್ತರಿಸಿದಾಗ ಈ ಅನುಕೂಲ ಬಹಳಷ್ಟು ಕುಗ್ಗಿತು. 2020ರ ನಂತರ ಆರಂಭವಾದ ಘಟಕಗಳಿಗೆ ಅದು ಇಲ್ಲ.

ವಿನಾಯಿತಿ ಇಲ್ಲದಿದ್ದರೂ ಉದ್ಯಮ ಅಲ್ಲಿಗೆ ಬರುತ್ತಿತ್ತೇ ಎಂಬುದು ಅರ್ಥಶಾಸ್ತ್ರಜ್ಞರ ಮುಖ್ಯ ಪ್ರಶ್ನೆ. ಬೆಳಗಾವಿಯಲ್ಲಿ ಎರಕ ಮತ್ತು ಯಂತ್ರಭಾಗಗಳ ಉದ್ಯಮ ಮೊದಲೇ ಬೇರೂರಿತ್ತು; ಹೇಗೂ ಬರುವವರಿಗೆ ಕೊಟ್ಟ ರಿಯಾಯಿತಿ ಬರಿಯ ನಷ್ಟ. ಎರಡನೆಯ ಆಕ್ಷೇಪ ಅಸಮಾನತೆಯದು. ಬೈಲಹೊಂಗಲದಲ್ಲಿ ಹತ್ತಿಯನ್ನು ಅರೆದು ದೇಶದೊಳಗೇ ಮಾರುವ ಗಿರಣಿಗಾಗಲಿ, ರಾಮದುರ್ಗದ ನೇಕಾರಿಕೆ ಘಟಕಕ್ಕಾಗಲಿ ಈ ಕಲಮು ಅನ್ವಯಿಸದು. ರಿಯಾಯಿತಿಯನ್ನು ಉದ್ಯೋಗದ ಬದಲು ಲಾಭದ ಮೇಲೆ ಲೆಕ್ಕ ಹಾಕುವುದರಿಂದ, ಹೆಚ್ಚು ಗಳಿಸುವವರಿಗೇ ಹೆಚ್ಚು ಸಲ್ಲುತ್ತದೆ.

2006-07ರಿಂದ 2012-13ರವರೆಗೆ ದೇಶದ ವಲಯಗಳು ಪಡೆದ ತೆರಿಗೆ ರಿಯಾಯಿತಿ 83,104 ಕೋಟಿ ರೂಪಾಯಿ ಎಂದು ಮಹಾಲೇಖಪಾಲರ 2014ರ ವರದಿ ದಾಖಲಿಸಿದೆ. ಅಧಿಸೂಚಿತ ಭೂಮಿಯಲ್ಲಿ ಕಾರ್ಯಾಚರಣೆ ಆರಂಭವಾಗಿದ್ದುದು ಸುಮಾರು ಶೇ. 62ರಷ್ಟರಲ್ಲಿ ಮಾತ್ರ.